ಚಾರ್ಜಿನಲ್ಲಿ ಇಲ್ಲದ ಪ್ರಶ್ನೆ

ಮಡಿಕೇರಿಯ ದೊಡ್ಡ ಕಚೇರಿಯಿಂದ ಬಂದ ಲಕೋಟೆಯನ್ನು ಒಡೆಯುವ ಮೊದಲೇ ರೇಂಜರ್ ಪರಮೇಶಪ್ಪನವರಿಗೆ ಸುಸ್ತಾಗಿತ್ತು. ಐವತ್ಮೂರು ವಯಸ್ಸು. ಅದರಲ್ಲಿ ಮೂವತ್ತು ವರ್ಷ ಕಾಡು ಸುತ್ತಿದ್ದಕ್ಕೆ ಸಿಕ್ಕಿದ್ದು ಎಡಮಂಡಿಯ ನೋವು, ಜೊತೆಗೆ ವರ್ಷಕ್ಕೊಮ್ಮೆ ತಪ್ಪದೆ ಬರುವ ಚಳಿಜ್ವರ. ಇನ್ನೆರಡು ವರ್ಷ ಹೇಗೋ ತಳ್ಳಿಬಿಟ್ಟರೆ ಶನಿವಾರಸಂತೆಯ ಮನೆ ಸೇರಿ ಕಾಲು ಚಾಚಿ ಕೂರಬಹುದು. ಅಷ್ಟರೊಳಗೆ ಇಂಥದ್ದೊಂದು ಕುತ್ತಿಗೆಗೆ ಬೀಳದಿದ್ದರೆ ಸಾಕು ಅಂದುಕೊಂಡಿದ್ದರು, ಬಿತ್ತು.

ಕಾಗದದಲ್ಲಿದ್ದದ್ದು ಇಷ್ಟು. ಭಾಗಮಂಡಲದ ಕಡೆ ನೆಲ್ಲಿಬಾಣೆ ಎಂಬ ಊರಿದೆ. ಅದರ ಪಕ್ಕದ ಮೀಸಲು ಕಾಡಿನಲ್ಲಿ ಆಗಸ್ಟ್ ತಿಂಗಳ ಮಳೆಯಲ್ಲಿ ಒಂದು ನಂದಿ ಮರ ಕಡಿದು ಸಾಗಿಸಿದ್ದಾರೆ. ಆ ಕಾಡಿನ ಗಾರ್ಡ್ ದೇರಪ್ಪ ಎಂಬವನೇ ಇದಕ್ಕೆ ಕಾರಣ. ಅವನು ಊರಿನ ದೇವರ ಮುಂದೆ ತಪ್ಪುಕಾಣಿಕೆ ಇಟ್ಟು ತಪ್ಪೊಪ್ಪಿಕೊಂಡಿದ್ದಾನೆ. ಅವನನ್ನು ಡಿಸ್ಮಿಸ್ ಮಾಡಲು ತೀರ್ಮಾನವಾಗಿದೆ. ಆ ಕಡೆಯ ರೇಂಜರೇ ದೂರು ಕೊಟ್ಟವರಾದ್ದರಿಂದ ತಾವು ಹೋಗಿ, ಒಂದು ದಿನ ಕೂತು, ವಿಚಾರಣೆ ಮುಗಿಸಿ ವರದಿ ಕಳಿಸತಕ್ಕದ್ದು.

"ನೋಡ್ದಾ ರೇವಣ್ಣ, ತೀರ್ಮಾನ ಆಗೋಗಿದ್ಯಂತೆ. ಇನ್ನು ವಿಚಾರಣೆ ಒಂದು ಬಾಕಿ," ಎಂದರು ಪರಮೇಶಪ್ಪ, ಗುಮಾಸ್ತನ ಕಡೆ ಕಾಗದ ತಳ್ಳುತ್ತ.

ರೇವಣ್ಣ ಹದಿನೈದು ವರ್ಷದಿಂದ ಅವರ ಕೈಕೆಳಗೆ ಬರೆಯುತ್ತಿದ್ದವನು. ಕನ್ನಡಕ ಮೇಲೆತ್ತಿ ಕಾಗದ ಓದಿದ. "ಹೋಗಿ ಮುಗಿಸ್ಬಿಡೋಣ ಸ್ವಾಮಿ. ಎರಡು ಹಾಳೆ ಬರೆದ್ರೆ ಆಯ್ತದೆ."

"ಎರಡು ಹಾಳೆ ಬರೆದ್ರೆ ಅವನ ಹತ್ತೊಂಬತ್ತು ವರ್ಷದ ಸರ್ವಿಸು ಹೋಯ್ತದೆ. ಡಿಸ್ಮಿಸ್ ಆದೋನಿಗೆ ಪೆನ್ಶನ್ ಕಾಸೂ ಇಲ್ಲ ಕಣಯ್ಯ."

ಪರಮೇಶಪ್ಪ ದೊಡ್ಡ ಧರ್ಮಾತ್ಮರೇನೂ ಅಲ್ಲ. ಆದರೆ ರೂಲ್ಸು ಪುಸ್ತಕ ಎದುರಿಗಿದ್ದಾಗ ಅದನ್ನು ಹಾರಿ ನಡೆಯುವುದು ಅವರಿಂದ ಆಗದ ಕೆಲಸ. ಒಲ್ಲದ ಮನಸ್ಸಿನಿಂದಲೇ ಮಡಿಕೇರಿಗೆ ಉತ್ತರ ಬರೆದರು. ನೌಕರನ ಮೇಲೆ ಇರುವ ಆರೋಪವನ್ನು ಇಂಥದ್ದೇ ಎಂದು ಖಚಿತವಾಗಿ ಬರೆದು, ಅದಕ್ಕೆ ಆಧಾರವಾದ ಸಂಗತಿಗಳನ್ನು ಜೊತೆಗೆ ಇಟ್ಟು, ಮೊದಲು ಅವನ ಕೈಗೆ ಕೊಡಬೇಕು. ಬರವಣಿಗೆಯಲ್ಲಿ ಉತ್ತರ ಕೊಡಲು ಸಾಕಷ್ಟು ದಿನ ಬಿಡಬೇಕು. ಖುದ್ದಾಗಿ ಹೇಳಿಕೊಳ್ಳುತ್ತೀಯಾ ಎಂದು ಕೇಳಬೇಕು. ಇದೊಂದೂ ಆಗದೆ ನಾನು ಯಾವ ವಿಚಾರಣೆಗೂ ಕೂರಲಾರೆ ಎಂದು ವಿನಯದಿಂದಲೇ ತಿಳಿಸಿದರು. ದೊಡ್ಡ ಸಾಹೇಬರಿಗೆ ಮೂಗಿನ ತುದಿಗೆ ಸಿಟ್ಟು ಬಂದಿರಬೇಕು. ಮೂರು ವಾರ ಸುದ್ದಿಯಿಲ್ಲ. ಆಮೇಲೆ ಚಾರ್ಜು ಬಂತು, ಇಂಗ್ಲಿಷಿನಲ್ಲಿ, ಸಾಹೇಬರ ಸಹಿಯೊಂದಿಗೆ.

ಚಾರ್ಜು ಎರಡು. ಒಂದು, ಗಾರ್ಡ್ ದೇರಪ್ಪ ಗೊತ್ತಿದ್ದೂ ಮರ ಕಡಿಯಲು ಬಿಟ್ಟ. ಎರಡು, ಆಗ ಮೂರು ದಿನ ರಜೆ ಇಲ್ಲದೆ ತನ್ನ ಕಾಡಿನಲ್ಲಿ ಇರಲಿಲ್ಲ. ಒಂದೇ ಮನುಷ್ಯ ಆ ಮೂರು ದಿನ ಕಾಡಿನಲ್ಲಿ ಇಲ್ಲದೆಯೂ, ಅಲ್ಲೇ ನಿಂತು ಮರ ಕಡಿಯಲು ಬಿಟ್ಟದ್ದು ಹೇಗೆ ಎಂದು ಬರೆದವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ! ಪರಮೇಶಪ್ಪ ಅದನ್ನು ಕನ್ನಡಕ್ಕೆ ಇಳಿಸಿ, ಪ್ರತಿ ಮಾಡಿಸಿ ಭಾಗಮಂಡಲಕ್ಕೆ ಹೋದರು. ಸಸ್ಪೆಂಡ್ ಆಗಿ ಕೂತಿದ್ದ ದೇರಪ್ಪನನ್ನು ಕರೆಸಿ ಕೈಗೆ ಕೊಟ್ಟರು.

ದೇರಪ್ಪ ನಲವತ್ತರ ಆಸುಪಾಸಿನವನು, ಗೌಡರ ಪೈಕಿ. ಅಗಲ ಭುಜ, ಕಡಿಮೆ ಮಾತು. ಅಕ್ಷರ ಕೂಡಿಸಿಕೊಂಡು ಓದಬಲ್ಲ. ಪರಮೇಶಪ್ಪ ಓದಿಸದೆ ತಾವೇ ಎರಡು ಸಲ ಓದಿ ಹೇಳಿದರು.

"ಹದಿನಾಲ್ಕು ದಿನ ಟೈಮ್ ಅದೆ ಕಣಪ್ಪ. ನೀನು ಏನು ಹೇಳ್ಬೇಕೋ ಬರೆದುಕೊಡು. ಬರೆಯೋಕೆ ಆಗ್ದಿದ್ರೆ ಯಾರ ಕೈಲಾದ್ರೂ ಬರೆಸಿ ಸಹಿ ಹಾಕು. ನಿನ್ನ ಕಡೆ ಸಾಕ್ಷಿ ಇದ್ರೆ ಹೆಸರು ಬರಿ. ಖುದ್ದಾಗಿ ಹೇಳೋದಿದ್ರೆ ಅದನ್ನೂ ಬರಿ."

"ಆಯ್ತು ಸ್ವಾಮಿ."

"ಕಾಣಿಕೆ ಇಟ್ಟದ್ದು ಹೌದಾ?"

ಕೇಳಿದ ಮೇಲೆ ಪರಮೇಶಪ್ಪ ನಾಲಿಗೆ ಕಚ್ಚಿಕೊಂಡರು. ಚಾರ್ಜು ಕೊಡುವಾಗ ಹಾಗೆ ಬಾಯಿ ಬಿಡಿಸಬಾರದು. ದೇರಪ್ಪ ಮಾತ್ರ ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯೊಳಗೆ ಇಟ್ಟುಕೊಂಡ.

ಹದಿಮೂರನೇ ದಿನ ಉತ್ತರ ಬಂತು. ಅರ್ಧ ಹಾಳೆ. 'ನಾನು ಮರ ಕಡಿದಿಲ್ಲ, ಕಡಿಸಿಲ್ಲ. ನನಗೆ ಜ್ವರ ಬಂದು ಫಾರೆಸ್ಟರ್ ಮಲ್ಲಪ್ಪನವರಲ್ಲಿ ಬಾಯಿಮಾತಿನಲ್ಲಿ ಕೇಳಿ ಅಕ್ಕ ಪೊನ್ನಮ್ಮನ ಮನೆಗೆ ಹೋಗಿದ್ದೆ. ಅಕ್ಕನನ್ನು ಕೇಳಬಹುದು. ಕಾಣಿಕೆಯ ವಿಷಯ ನಾನು ಮಾತಾಡುವುದಿಲ್ಲ. ಖುದ್ದು ವಿಚಾರಣೆ ನನಗೆ ಬೇಡ.'

"ಬೇಡ ಅಂದ್ಮೇಲೆ ಆಯ್ತಲ್ಲ ಸ್ವಾಮಿ. ಅವನೇ ಬೇಡ ಅಂತಾನೆ," ಎಂದ ರೇವಣ್ಣ, ಆಸೆಯಿಂದ.

"ಅವನಿಗೆ ಬೇಡ. ನನಗೆ ಬೇಕು. ಒಪ್ಪದೆ ಇರೋ ಆರೋಪಕ್ಕೆ ಸಾಕ್ಷಿ ಕೇಳ್ದೆ ಏನಂತ ಬರೀಲಿ?" ವಿಚಾರಣೆ ನಡೆಸುವವನಿಗೆ ಅಗತ್ಯ ಕಂಡರೆ ತಾನೇ ಕೂರಿಸಬಹುದು. ಪರಮೇಶಪ್ಪ ದಿನ ಗೊತ್ತು ಮಾಡಿದರು. ತುಲಾ ಸಂಕ್ರಮಣಕ್ಕೆ ಭಾಗಮಂಡಲ ತುಂಬಿ ತುಳುಕುತ್ತದೆ, ಮೋಟಾರಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಆದ್ದರಿಂದ ಜಾತ್ರೆಯ ಜನ ಇಳಿದ ಮೇಲೆ, ಅಕ್ಟೋಬರ್ ಕೊನೆಗೆ. ದೇರಪ್ಪನಿಗೂ ಸಾಕ್ಷಿಗಳಿಗೂ ನೋಟೀಸು ಹೋಯಿತು.

ಇಲಾಖೆಯ ಬಂಗಲೆಯ ಜಗಲಿಯಲ್ಲಿ ಮೇಜು ಹಾಕಿದ್ದರು. ಮಳೆ ಬಿಟ್ಟಿದ್ದರೂ ಹೆಂಚಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಪರಮೇಶಪ್ಪ ನೋಯುವ ಕಾಲನ್ನು ಒಂದು ಮಣೆಯ ಮೇಲೆ ಇಟ್ಟುಕೊಂಡು ಕೂತರು. ಸಾಕ್ಷಿಗಳೆಲ್ಲ ಹೊರಗೆ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಷ್ಟು ದೂರ ಇರಬೇಕು. ದೇರಪ್ಪ ಮಾತ್ರ ಮೊದಲಿಂದ ಕೊನೆಯವರೆಗೂ ಎದುರಿಗೇ ಇರಬೇಕು. ಅವನಿಗೆ ಸ್ಟೂಲು ಹಾಕಿಸಿದರು. ಅವನು ಕೂರಲಿಲ್ಲ.

ಮೊದಲು ಫಾರೆಸ್ಟರ್ ಮಲ್ಲಪ್ಪ ಬಂದ. ಗಾರ್ಡುಗಳ ಮೇಲಿನವನು, ಗುಂಡಗಿನ ಆಸಾಮಿ, ಬೆವರು ಜಾಸ್ತಿ. ಗಡಗಡ ಹೇಳಿದ. ಆಗಸ್ಟ್ ಹದಿನಾರಕ್ಕೆ ತಾನು ಹೋದಾಗ ಮರದ ಬುಡ ಹಸಿಯಾಗಿತ್ತು. ಗಾರ್ಡ್ ಇರಲಿಲ್ಲ. ರಜೆ ಕೊಟ್ಟ ಕಾಗದ ಇಲ್ಲ. ವಾರದ ಮೇಲೆ ಗಾರ್ಡ್ ದೇವರಕಾಡಿನಲ್ಲಿ ಊರವರ ಮುಂದೆ ತಪ್ಪುಕಾಣಿಕೆ ಇಟ್ಟ.

"ಇಟ್ಟದ್ದು ನೀವು ಕಂಡ್ರಾ?"

"ಇಲ್ಲ ಸಾರ್. ಊರೆಲ್ಲ ಹೇಳ್ತು."

"ಮರ ಕಡಿದದ್ದು ಕಂಡ್ರಾ? ಅವನು ಯಾರ ಹತ್ರಾದ್ರೂ ಮಾತಾಡಿದ್ದು, ಏನಾದ್ರೂ ಇಸ್ಕೊಂಡಿದ್ದು?"

"ಅದೆಲ್ಲ ಇಲ್ಲ. ಆದ್ರೆ ತಪ್ಪು ಮಾಡ್ದೆ ಯಾರು ಸಾರ್ ತಪ್ಪುಕಾಣಿಕೆ ಇಡ್ತಾರೆ?"

ರೇವಣ್ಣ ಎಲ್ಲವನ್ನೂ ಬರೆದುಕೊಂಡ. ಪರಮೇಶಪ್ಪ ದೇರಪ್ಪನ ಕಡೆ ತಿರುಗಿದರು. "ಇವರನ್ನ ನೀನು ಪ್ರಶ್ನೆ ಕೇಳ್ಬೋದು. ಇವರು ಹೇಳಿದ್ದು ಸುಳ್ಳು ಅಂತ ಕಂಡ್ರೆ ಸುಳ್ಳು ಅಂತ್ಲೇ ಕೇಳ್ಬೋದು. ಅದು ನಿನ್ನ ಹಕ್ಕು."

"ರಜೆ ಕೇಳಿದ್ದೆ ಅಲ್ವಾ ಸ್ವಾಮಿ ನಿಮ್ಮತ್ರ?" ಎಂದ ದೇರಪ್ಪ, ಮೆಲ್ಲಗೆ.

"ಇಲ್ಲ," ಎಂದ ಮಲ್ಲಪ್ಪ, ನೆಲ ನೋಡುತ್ತ.

ದೇರಪ್ಪ ಅಷ್ಟಕ್ಕೇ ಬಿಟ್ಟ. ಪರಮೇಶಪ್ಪನವರಿಗೆ ಮೈಯೆಲ್ಲ ಉರಿಯಿತು. ತನ್ನ ಅನ್ನಕ್ಕೆ ಕಲ್ಲು ಬೀಳುತ್ತಿದ್ದರೂ ಇವನು ದನಿ ಎತ್ತುವುದಿಲ್ಲವಲ್ಲ! ಅವನ ಪರವಾಗಿ ಜಗಳ ಆಡಲು ತಾನು ವಕೀಲನಲ್ಲ. ಇತ್ತ ತಾನು ಇಲಾಖೆಯ ವಕೀಲನೂ ಅಲ್ಲ.

ಎರಡನೆಯ ಸಾಕ್ಷಿ ನೆಲ್ಲಿಬಾಣೆಯ ತಕ್ಕರು ಬೋಜಪ್ಪ. ತಕ್ಕ ಅಂದರೆ ಊರಿನ ಹಿರಿಯ, ದೇವರ ಕೆಲಸಕ್ಕೂ ನ್ಯಾಯ ಪಂಚಾಯಿತಿಗೂ ಅವರೇ ಮುಂದೆ ನಿಲ್ಲಬೇಕು. ಎಪ್ಪತ್ತು ದಾಟಿದ ಮುದುಕರು, ನೆಟ್ಟಗೆ ನಡೆದು ಬಂದರು. ಅವರನ್ನು ಕಂಡದ್ದೇ ದೇರಪ್ಪ ಇನ್ನಷ್ಟು ಗೋಡೆಗೆ ಅಂಟಿದ. ಅವರು ಅವನ ಸೋದರಮಾವ ಎಂಬುದು ಪರಮೇಶಪ್ಪನವರಿಗೆ ಆಗ ಗೊತ್ತಾಯಿತು.

"ದೇರಪ್ಪ ನಿಮ್ಮ ದೇವರ ಮುಂದೆ ಕಾಣಿಕೆ ಇಟ್ಟದ್ದು ಹೌದಾ?"

"ಹೌದು. ತೆಂಗಿನಕಾಯಿ, ಎಲೆ ಅಡಿಕೆ."

"ನಂದಿ ಮರದ ವಿಷಯಕ್ಕಾ?"

"ಅದೇ ವಿಷಯ."

"ತಾನೇ ಕಡಿಸಿದೆ ಅಂತ ಬಾಯಿಬಿಟ್ಟು ಹೇಳಿದ್ನಾ?"

"ಕಾಣಿಕೆ ಇಟ್ಟ ಮೇಲೆ ನಮ್ಮಲ್ಲಿ ಆ ಮಾತು ಯಾರೂ ಎತ್ತೋದಿಲ್ಲ ಸ್ವಾಮಿ. ಇನ್ನು ಕೇಳ್ಬೇಡಿ."

ಪರಮೇಶಪ್ಪ ಮತ್ತೆ ದೇರಪ್ಪನಿಗೆ ಅದೇ ಪಾಠ ಒಪ್ಪಿಸಿದರು. ಸಾಕ್ಷಿಯನ್ನು ಪ್ರಶ್ನಿಸಬಹುದು, ನಿನ್ನ ಹಕ್ಕು. ದೇರಪ್ಪ ತಲೆ ತಗ್ಗಿಸಿದ.

"ಮಾವನ್ನ ನಾ ಎಂತ ಕೇಳ್ಲಿ ಸ್ವಾಮಿ. ಕೇಳೋದು ಏನೂ ಇಲ್ಲ."

ಅದನ್ನೂ ರೇವಣ್ಣ ಬರೆದ. ಊಟದ ಹೊತ್ತಾಯಿತು. ಪರಮೇಶಪ್ಪ ಗಂಜಿ ಕುಡಿದು ಜಗಲಿಯ ಕಂಬಕ್ಕೆ ಒರಗಿದರು. ಹೀಗೇ ಮುಗಿದರೆ ಮಡಿಕೇರಿಯವರು ಏನು ಬರೆಯುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಕಾಣಿಕೆ ಇಟ್ಟಿದ್ದಾನೆ, ಅಲ್ಲಗಳೆಯಲಿಲ್ಲ, ಆದ್ದರಿಂದ ಒಪ್ಪಿದ್ದಾನೆ. ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿದ ಹಾಗಲ್ಲ, ಆರೋಪ ಸಾಬೀತು ಮಾಡುವ ಹೊರೆ ಇಲಾಖೆಯದು ಎಂದು ತಾವು ಎಷ್ಟು ಬರೆದರೂ ಸಾಹೇಬರು ಮೂಗು ಮುರಿಯುತ್ತಾರೆ.

ಮಧ್ಯಾಹ್ನ ದೇರಪ್ಪನ ಸರದಿ. ತಾನೇ ಸಾಕ್ಷಿ ಹೇಳುತ್ತೀಯಾ ಎಂದು ಕೇಳಿದರೆ, ಬರೆದುಕೊಟ್ಟದ್ದೇ ಇದೆ, ಬೇರೇನಿಲ್ಲ ಎಂದ. ಹಾಗಾದರೆ ಅವನ ಸಾಕ್ಷಿ ಪೊನ್ನಮ್ಮ ಬರಲಿ.

ಪೊನ್ನಮ್ಮ ತಮ್ಮನ ಹಾಗಲ್ಲ. ಬಂದವಳೇ ಸೆರಗು ಬಿಗಿದು ನಿಂತಳು. ಕರಿಕೆ ದಾರಿಯ ಒಂದು ಊರಿಗೆ ಮದುವೆಯಾಗಿ ಇಪ್ಪತ್ತೈದು ವರ್ಷವಾಗಿತ್ತು.

"ದೇರಪ್ಪ ಆಗಸ್ಟಿನಲ್ಲಿ ನಿಮ್ಮನೇಲಿದ್ನಾ ಅಮ್ಮ?"

"ಇದ್ದ ಸ್ವಾಮಿ. ಕಕ್ಕಡ ತಿಂಗಳು ಕಳೆಯೋ ಹೊತ್ತಿಗೆ. ಮೂರು ದಿನ ಮೈ ಕೆಂಡ. ಕಂಬಳಿ ಮೂರು ಹೊದೆಸಿದ್ರೂ ನಡುಗ್ತಿದ್ದ."

"ರಜೆ ಕೇಳಿದ್ದು ನಿಮಗೆ ಗೊತ್ತುಂಟಾ?"

"ಕೇಳದೆ ಹೇಗೆ? ಮಾರನೇ ದಿವ್ಸ ಮಲ್ಲಪ್ಪನೋರೇ ಆಳಿನ ಕೈಲಿ ಜ್ವರದ ಕೊಯ್ನಾ ಮಾತ್ರೆ ಕಳಿಸಿದ್ರು, ಹಸಿರು ಕಾಗದದಲ್ಲಿ ಕಟ್ಟಿ. ಒಳ್ಳೆ ಮನುಷ್ಯ ಅಂತ ನಾ ಎಷ್ಟೋ ಹೊಗಳ್ದೆ."

ಪರಮೇಶಪ್ಪ ಮಲ್ಲಪ್ಪನನ್ನು ಮತ್ತೆ ಕರೆಸಿ, ಪೊನ್ನಮ್ಮ ಹೇಳಿದ್ದನ್ನು ಓದಿ, ಏನಂತೀರಿ ಎಂದರು. ಮಲ್ಲಪ್ಪನ ಕುತ್ತಿಗೆಯಿಂದ ಬೆವರು ಇಳಿಯಿತು. ಕೊನೆಗೆ ಹೇಳಿದ. ಹೌದು, ದೇರಪ್ಪ ಕೇಳಿದ್ದ, ತಾನು ಹೋಗು ಎಂದಿದ್ದ. ಕಾಗದ ಬರೆದಿರಲಿಲ್ಲ. ಆ ಮೂರು ದಿನಕ್ಕೆ ಬದಲಿ ಗಾರ್ಡನ್ನು ಹಾಕಬೇಕಾಗಿತ್ತು, ಹಾಕಿರಲಿಲ್ಲ. ಮರ ಹೋದ ಮೇಲೆ ಅದು ತನ್ನ ತಲೆಗೆ ಬಂದೀತು ಎಂದು ಹೆದರಿದ. "ಮಕ್ಕಳೊಂದಿಗ ಸಾರ್," ಎಂದು ಕೈಮುಗಿದ.

"ಅವನೂ ಮಕ್ಕಳೊಂದಿಗನೇ," ಎಂದರು ಪರಮೇಶಪ್ಪ. ಬಯ್ಯಲೂ ಅವರಲ್ಲಿ ಶಕ್ತಿ ಇರಲಿಲ್ಲ. ದೇರಪ್ಪನಿಗೆ, ಇವರನ್ನು ಇನ್ನೇನಾದರೂ ಕೇಳುತ್ತೀಯಾ ಎಂದರು. ಇಲ್ಲ ಎಂದ. ಎರಡನೇ ಚಾರ್ಜು ಅಲ್ಲಿಗೆ ಉದುರಿಹೋಯಿತು. ಮೊದಲನೆಯದರ ಕಾಲೂ ಮುರಿದಿತ್ತು. ಊರಲ್ಲೇ ಇಲ್ಲದವನು ಕಡಿಸುವುದೆಲ್ಲಿ ಬಂತು? ಉಳಿದದ್ದು ಆ ಕಾಣಿಕೆ ಒಂದು.

ಮಲ್ಲಪ್ಪನನ್ನು ಹೊರಗೆ ಕಳಿಸಿ ಮತ್ತೆ ಪೊನ್ನಮ್ಮನನ್ನು ಕೇಳಿದರು. "ನಿಮ್ಮ ತಮ್ಮ ಏನೂ ಮಾಡಿಲ್ಲ ಅಂದ್ರೆ ತಪ್ಪುಕಾಣಿಕೆ ಯಾಕಮ್ಮ ಇಟ್ಟ?"

"ಅಕ್ಕ, ಸಾಕು," ಎಂದ ದೇರಪ್ಪ.

"ಎಂತ ಸಾಕು? ನಾ ಆ ಊರಿಂದ ಹೊರಗೆ ಹೋದವ್ಳು. ನನ್ನ ಬಾಯಿಗೆ ಬೀಗ ಇಲ್ಲ." ಪೊನ್ನಮ್ಮ ಪರಮೇಶಪ್ಪನವರ ಕಡೆ ತಿರುಗಿದಳು. "ಅಲ್ಲಿ ಕಾಡಿನ ಮರಕ್ಕೆ ಕತ್ತಿ ಬಿದ್ರೆ ಯಾರು ಕಡಿದದ್ದು ಅಂತ ಊರು ಕೂಡಿ ಕೇಳೋದಿಲ್ಲ ಸ್ವಾಮಿ. ಆ ಕಾಡು ಯಾರ ಕಾವಲಲ್ಲಿ ಉಂಟೋ ಅವ್ನೇ ಕಾಣಿಕೆ ಇಡ್ಬೇಕು. ಅಜ್ಜಂದಿರ ಕಾಲದಿಂದ ಹಾಗೆ. ಇವ ಸರ್ಕಾರದ ಕಾವಲುಗಾರ, ಅದಕ್ಕೆ ಇವ ಇಟ್ಟ. ಜ್ವರದಿಂದ ಎದ್ದು ಹೋಗಿ ಇಟ್ಟ. ತಪ್ಪು ಇವಂದು ಅಂತ ಅಲ್ಲ, ಊರಿನ ಮೇಲೆ ದೇವರ ಸಿಟ್ಟು ಬರಬಾರ್ದು ಅಂತ. ಇಟ್ಟ ಮೇಲೆ ಊರಿನವ್ರು ಯಾರೂ ಆ ಸುದ್ದಿ ಎತ್ತಬಾರ್ದು."

"ಹಾಗಾದ್ರೆ ಕಡಿದೋನಿಗೆ ಏನೂ ಇಲ್ವಾ?"

"ಉಂಟು. ಕಾಯಿ ತರೋದು ಅವ್ನು. ಯಾರೂ ಇಲ್ಲದಾಗ ತಂದು ಕಟ್ಟೆ ಮೇಲೆ ಇಟ್ಟು ಹೋಗ್ಬೇಕು. ತಂದದ್ದು ಕಂಡ್ರೂ ಕಾಣದ ಹಾಗೆ ಇರ್ಬೇಕು. ಕಾವಲಿನವ ಅದನ್ನ ಎತ್ತಿ ದೇವರ ಮುಂದೆ ಇಡೋದು."

ರೇವಣ್ಣನ ಪೆನ್ನು ನಿಂತಿತು. ಪರಮೇಶಪ್ಪ, ಬರಿ ಎಂದು ಸನ್ನೆ ಮಾಡಿದರು. ಮೂವತ್ತು ವರ್ಷ ಈ ಕೊಡಗಿನ ಕಾಡು ತಿರುಗಿಯೂ ಇಂಥದ್ದೊಂದು ಕಟ್ಟಳೆ ಇದೆಯೆಂದು ತನಗೆ ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ದೇರಪ್ಪ ಗೋಡೆಗೆ ಹಣೆ ಇಟ್ಟು ನಿಂತಿದ್ದ. ಆ ಬೆನ್ನನ್ನು ನೋಡಿದಾಗ ಅವನಿಗೆ ಎಲ್ಲ ಗೊತ್ತು ಎನ್ನುವುದು ಪರಮೇಶಪ್ಪನವರಿಗೆ ಖಾತ್ರಿಯಾಯಿತು. ಬೆಳಗ್ಗೆ ಅವನ ಕೈಯಲ್ಲಿ ಒಂದೇ ಒಂದು ಪ್ರಶ್ನೆ ಇತ್ತು. ಕಾಯಿ ತಂದವರು ಯಾರು ಮಾವ? ಅದನ್ನು ಕೇಳಿದ್ದರೆ ನೌಕರಿ ಉಳಿಯುತ್ತಿತ್ತು. ಕೇಳೋದು ಏನೂ ಇಲ್ಲ ಅಂದುಬಿಟ್ಟ.

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಇದನ್ನು ಪರಮೇಶಪ್ಪ ಆಮೇಲೆ ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡರು. ಕಾಣಿಕೆ ತಪ್ಪೊಪ್ಪಿಗೆ ಅಲ್ಲ, ಬೇರೆ ಸಾಕ್ಷ್ಯ ಒಂದೂ ಇಲ್ಲ, ಚಾರ್ಜು ಸಾಬೀತಾಗಿಲ್ಲ ಎಂದು ಬರೆದು ಸಹಿ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅವರಿಗೆ ಮಡಿಕೇರಿಯ ಭಯ. ಒಡಹುಟ್ಟಿದ ಅಕ್ಕನ ಮಾತು ನಂಬಿದಿರಾ, ಇನ್ನೊಮ್ಮೆ ಹೋಗಿ ಕೂರಿ ಎಂದು ಕಡತ ವಾಪಸು ಬಂದರೆ? ಮತ್ತೆ ಮೋಟಾರು, ಮತ್ತೆ ಈ ಮಂಡಿ, ಮತ್ತೆ ಈ ಮನುಷ್ಯನ ಮುಖ. ಗಟ್ಟಿಯಾಗಿ ಒಂದೇ ಸಲ ಕಟ್ಟಿ ಕಳಿಸೋಣ ಎನ್ನಿಸಿತು. ಪೊನ್ನಮ್ಮನನ್ನು ಹೊರಗೆ ಕಳಿಸಿ ತಕ್ಕರನ್ನು ಮತ್ತೆ ಕರೆಸಿದರು.

"ತಕ್ಕರೇ, ಕಾಡಿನ ಮರಕ್ಕೆ ಕಾಣಿಕೆ ಇಡೋದು ಕಾವಲಿನವನು, ತಪ್ಪು ಯಾರದ್ದೇ ಆದ್ರೂ. ಈ ಕಟ್ಟಳೆ ನಿಮ್ಮೂರಲ್ಲಿ ಇರೋದು ನಿಜವಾ?"

ಬೋಜಪ್ಪನವರು ದೇರಪ್ಪನ ಕಡೆ ನೋಡಿದರು. ಅವನು ಗೋಡೆಯಿಂದ ತಿರುಗಿ ಇಲ್ಲ ಎಂಬಂತೆ ತಲೆಯಾಡಿಸುತ್ತಿದ್ದ.

"ನಿಜ," ಎಂದರು ಮುದುಕರು.

ಅಷ್ಟು ಸಾಕಾಗಿತ್ತು. ಪರಮೇಶಪ್ಪ ಇನ್ನೊಂದು ಕೇಳಿದರು.

"ಅವತ್ತು ಕಾಯಿ ತಂದವರು ಯಾರು?"

ದೇರಪ್ಪ ಎರಡು ಹೆಜ್ಜೆ ಮುಂದೆ ಬಂದ. "ಹೇಳ್ಬೇಡಿ ಮಾವ. ನನ್ನ ಕೆಲ್ಸ ಹೋದ್ರೆ ಹೋಗ್ಲಿ."

ಬೋಜಪ್ಪನವರು ತಲೆವಸ್ತ್ರ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. ಬೋಳು ತಲೆಯ ಮುದುಕರು ಒಮ್ಮೆಗೇ ಸಣ್ಣವರಾಗಿ ಕಂಡರು.

"ನಾನು ತಂದೆ," ಎಂದರು. "ಕಡಿದದ್ದೂ ನಾನೇ. ಮಳೆಗೆ ಮನೆಯ ತೊಲೆ ಮುರಿದಿತ್ತು. ಒಳಗೆ ಹೆಂಡತಿ ಎದ್ದು ಕೂರೋಕೆ ಆಗದೆ ಮಲಗಿದ್ಳು. ನಿಮ್ಮ ಕಚೇರಿಗೆ ಅರ್ಜಿ ಕೊಟ್ಟು ಮರ ಬರೋ ತನಕ ಮನೆ ಮಾಡು ನಿಲ್ತಿರ್ಲಿಲ್ಲ. ಆ ಮರ ನಮ್ಮ ಅಪ್ಪನ ಕಾಲದಲ್ಲಿ ನಮ್ಮ ಬಾಣೆ ಜಮೀನಲ್ಲೇ ಇದ್ದದ್ದು. ಸರ್ವೆಯವ್ರು ಗಡಿಕಲ್ಲು ಈಚೆಗೆ ಹಾಕಿದ್ರು. ಅದೆಲ್ಲ ಇರ್ಲಿ. ಊರಿಗೆ ಕಟ್ಟಳೆ ಹೇಳೋನೇ ಕತ್ತಿ ಹಿಡಿದೆ. ಇವನ ನೌಕರಿ ಹೋಗ್ತದೆ ಅಂತ ಗೊತ್ತಿದ್ದೂ ಬೆಳಗ್ಗೆ ಸುಮ್ಮನಿದ್ದೆ. ಕೇಳದೇ ಇದ್ದಿದ್ರೆ ಈಗ್ಲೂ ಸುಮ್ಮನಿರ್ತಿದ್ದೆ."

ಇವರನ್ನು ಏನಾದರೂ ಕೇಳುತ್ತೀಯಾ ಎಂದು ನಿಯಮದಂತೆ ದೇರಪ್ಪನನ್ನು ಕೇಳಲೇಬೇಕಾಗಿತ್ತು. ಪರಮೇಶಪ್ಪ ಕೇಳಿದರು. 'ಉತ್ತರವಿಲ್ಲ' ಎಂದು ಬರೆಸಿದರು.

ಸಾಕ್ಷಿಗಳ ಹೇಳಿಕೆಗಳನ್ನು ಒಬ್ಬೊಬ್ಬರಿಗೂ ಓದಿ ಹೇಳಿ ಸಹಿ ತೆಗೆದುಕೊಂಡರು. ಮಲ್ಲಪ್ಪ ತನ್ನ ಸಹಿ ಹಾಕುವ ನೆಪದಲ್ಲಿ ತಕ್ಕರ ಹಾಳೆಯ ಮೇಲೂ ಕಣ್ಣು ಹಾಯಿಸಿದ. ಮುಖಕ್ಕೆ ಸ್ವಲ್ಪ ಬಣ್ಣ ಬಂತು.

"ಸಾರ್, ಹಾಗಾದ್ರೆ ಇವನಿಗೆ ಕಳ್ಳ ಯಾರು ಅಂತ ಗೊತ್ತಿತ್ತು. ಗೊತ್ತಿದ್ದೂ ಇಲಾಖೆಗೆ ಹೇಳ್ಲಿಲ್ಲ. ಅದು ತಪ್ಪಲ್ವಾ? ಅದಕ್ಕೇ ತೆಗೀಬೋದಲ್ಲ?"

"ಅದು ಚಾರ್ಜಿನಲ್ಲಿ ಇಲ್ಲ ಮಲ್ಲಪ್ಪ."

"ಇಲ್ದಿದ್ರೇನು, ಈಗ ಗೊತ್ತಾಯ್ತಲ್ಲ."

"ಚಾರ್ಜಿನಲ್ಲಿ ಬರೆದು, ಕೈಗೆ ಕೊಟ್ಟು, ಉತ್ತರ ಕೇಳ್ದೆ ಇರೋದಕ್ಕೆ ಯಾರನ್ನೂ ಶಿಕ್ಷಿಸೋ ಹಾಗಿಲ್ಲ. ಬೇಕಾದ್ರೆ ಮಡಿಕೇರಿಯೋರು ಹೊಸ ಚಾರ್ಜು ಬರೀಲಿ. ಮತ್ತೆ ಹದಿನಾಲ್ಕು ದಿನ, ಮತ್ತೆ ಸಾಕ್ಷಿ, ಎಲ್ಲ ಮೊದಲಿಂದ. ಬರೆದ್ರೆ ನೀವು ರಜೆ ಮುಚ್ಚಿಟ್ಟದ್ದಕ್ಕೂ ಒಂದು ಬರೀತಾರೆ. ಬರೆಸ್ಲಾ?"

ಮಲ್ಲಪ್ಪ ಬಾಯಿ ಮುಚ್ಚಿಕೊಂಡು ಟೋಪಿ ಹುಡುಕತೊಡಗಿದ.

ಎಲ್ಲರೂ ಇಳಿದು ಹೋದ ಮೇಲೂ ದೇರಪ್ಪ ನಿಂತೇ ಇದ್ದ. ತಕ್ಕರು ಅಂಗಳ ದಾಟಿ ರಸ್ತೆಗೆ ಸೇರಿದ್ದರು. ತಲೆವಸ್ತ್ರ ಇನ್ನೂ ಕೈಯಲ್ಲೇ ಇತ್ತು. ಪೊನ್ನಮ್ಮ ಗೇಟಿನ ಹತ್ತಿರ ತಮ್ಮನಿಗೆ ಕಾಯುತ್ತಿದ್ದಳು, ಏನಾಯಿತೆಂದು ಅವಳಿಗೆ ತಿಳಿದಿರಲಿಲ್ಲ.

"ಆ ಒಂದು ಹಾಳೆ ಹರಿದುಬಿಡಿ ಸ್ವಾಮಿ," ಎಂದ ದೇರಪ್ಪ. "ಮಾವನ ಮಾತು ಹೊಡೆದು ಹಾಕಿ. ನಾನೇ ಕಡಿಸಿದೆ ಅಂತ ಬರ್ಕೊಳ್ಳಿ, ಸಹಿ ಹಾಕ್ತೇನೆ."

"ಒಮ್ಮೆ ಬರೆದದ್ದನ್ನ ಹೊಡೆಯೋಕೆ ನನಗೆ ಅಧಿಕಾರ ಇಲ್ಲ ಕಣಪ್ಪ. ಸುಳ್ಳು ಬರೆಯೋಕೂ ಇಲ್ಲ."

"ಕೇಳೋಕೆ ಇತ್ತಾ?"

ವಿಷಯ ಸ್ಪಷ್ಟವಾಗಲು ಸಾಕ್ಷಿಯನ್ನು ಪ್ರಶ್ನಿಸುವ ಅಧಿಕಾರ ವಿಚಾರಣೆ ನಡೆಸುವವನಿಗೆ ಇದ್ದೇ ಇದೆ. ಪರಮೇಶಪ್ಪ ಹಾಳೆಗಳನ್ನು ಜೋಡಿಸಿ ಕಡತಕ್ಕೆ ಕಟ್ಟತೊಡಗಿದರು.

"ಕೆಲ್ಸ ಹೋಗಿದ್ರೆ ಎರಡು ಪಟ್ಟಿ ಗದ್ದೆ ಇತ್ತು, ಹೇಗೋ ಆಗ್ತಿತ್ತು," ಎಂದ ದೇರಪ್ಪ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಅದಕ್ಕೇ ಖುದ್ದು ವಿಚಾರಣೆ ಬೇಡ ಅಂತ ಬರೆದದ್ದು ಸ್ವಾಮಿ."

ಸ್ಟೂಲನ್ನು ಗೋಡೆಗೆ ಸರಿಸಿಟ್ಟು ಅವನು ಇಳಿದು ಹೋದ.

ಪರಮೇಶಪ್ಪ ವರದಿ ಬರೆದರು. ಇಷ್ಟು ಒಳ್ಳೆಯ ವರದಿಯನ್ನು ಅವರು ಸರ್ವಿಸಿನಲ್ಲೇ ಬರೆದಿರಲಿಲ್ಲ. ಪ್ರತಿ ಚಾರ್ಜಿಗೂ ಸಾಕ್ಷ್ಯ, ಅದಕ್ಕೆ ತಮ್ಮ ನಿರ್ಣಯ, ನಿರ್ಣಯಕ್ಕೆ ಕಾರಣ. ಎರಡೂ ಸಾಬೀತಾಗಿಲ್ಲ. ತೀರ್ಮಾನ ಮಾಡಬೇಕಾದವರು ಮೇಲಿನವರು. ಮಡಿಕೇರಿಯವರಿಗೆ ಹಿಡಿಯಲು ಒಂದು ಎಳೆಯೂ ಸಿಗಲಿಲ್ಲ. ನವೆಂಬರ್ ಕೊನೆಗೆ ಹುಕುಂ ಬಂತು. ದೇರಪ್ಪ ನಿರ್ದೋಷಿ, ಸಸ್ಪೆಂಡ್ ಆದ ದಿನಗಳ ಪೂರ್ತಿ ಸಂಬಳದೊಂದಿಗೆ ಕೆಲಸಕ್ಕೆ ಹಾಜರಾಗತಕ್ಕದ್ದು. ಬೋಜಪ್ಪನವರ ಮೇಲೆ ಕಾಡಿನ ಕಾನೂನಿನ ಪ್ರಕಾರ ಬೇರೆ ಕೇಸು. ಅವರು ದಂಡ ಕಟ್ಟಿ, ಅದೇ ವಾರ ತಕ್ಕತನ ಬಿಟ್ಟುಕೊಟ್ಟರು ಎಂದು ಸುದ್ದಿ ಬಂತು.

ಹುತ್ತರಿ ಹಬ್ಬ ಮುಗಿದು ನಾಲ್ಕು ದಿನಕ್ಕೆ ದೇರಪ್ಪ ಒಂದು ಅರ್ಜಿ ಹಿಡಿದು ಪರಮೇಶಪ್ಪನವರ ಕಚೇರಿಗೇ ಬಂದ, ಅಷ್ಟು ದೂರದಿಂದ. ಬೇರೆ ರೇಂಜಿಗೆ ವರ್ಗ ಬೇಕು. ಎಲ್ಲಿಗಾದರೂ ಸರಿ. ತಾವು ಒಂದು ಮಾತು ಬರೆದರೆ ಆಗುತ್ತದೆ ಎಂದು ಯಾರೋ ಹೇಳಿದರಂತೆ. ಇಸ್ತ್ರಿ ಮಾಡಿದ ಖಾಕಿ, ಬಿಲ್ಲೆ ಎಲ್ಲ ಸರಿಯಾಗಿತ್ತು.

ಪರಮೇಶಪ್ಪ ಅರ್ಜಿ ಓದಿದರು. "ಊರಲ್ಲಿ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ನೋದಿಲ್ಲ ಸ್ವಾಮಿ. ಮಾವನೂ ಅನ್ನಲಿಲ್ಲ." ದೇರಪ್ಪ ಬಿಲ್ಲೆಯನ್ನು ಹೆಬ್ಬೆರಳಿನಿಂದ ಒರೆಸಿದ. "ಹುತ್ತರಿ ರಾತ್ರಿ ಕದಿರು ಕೊಯ್ಯೋಕೆ ಊರೆಲ್ಲ ಒಟ್ಟಿಗೆ ಗದ್ದೆಗೆ ಇಳಿಯೋದು. ಮನೆ ಮುಂದೆ ಬಂದು ಕೂಗಿ ಕರ್ಕೊಂಡು ಹೋಗ್ತಾರೆ. ನಾನು ಸ್ನಾನ ಮಾಡಿ, ಕದಿರು ತರೋ ಕುತ್ತಿ ತೊಳೆದಿಟ್ಟು, ಹೆಂಡತಿ ಮಕ್ಕಳನ್ನ ಎಬ್ಬಿಸಿ ಕೂತಿದ್ದೆ. ಆಚೆ ಮನೆಗೆ ಕೂಗಿದ್ರು, ಈಚೆ ಮನೆಗೆ ಕೂಗಿದ್ರು. ನಮ್ಮ ಮನೆ ಮುಂದೆ ಬಂದಾಗ ಅವ್ರ ಕೈ ದೀಪ ಸ್ವಲ್ಪ ಹೊತ್ತು ನಿಂತ ಹಾಗಾಯ್ತು. ಮತ್ತೆ ಮುಂದೆ ಹೋದ್ರು."

ಪರಮೇಶಪ್ಪ ಪೆನ್ನು ತೆಗೆದುಕೊಂಡು ಅರ್ಜಿಯ ಕೆಳಗೆ, ಶಿಫಾರಸು ಮಾಡಲಾಗಿದೆ ಎಂದು ಬರೆದರು. ಕಾರಣ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಅದನ್ನು ಖಾಲಿ ಬಿಟ್ಟು ಸಹಿ ಹಾಕಿದರು.